ಚೀಟಿ ಎತ್ತುವ ಗಣಿತ

ಪ್ರತಿ ಅಂಚೂ ಒಂದು ಮೀಟರ್ ಇರುವ ಚೌಕದ ಪೆಟ್ಟಿಗೆಯೊಳಗೆ ಎರಡು ಧೂಳಿನ ಕಣಗಳು ಎಲ್ಲೆಂದರಲ್ಲಿ ಇರಬಹುದು. ಅವುಗಳ ನಡುವಿನ ಅಂತರ ಸರಾಸರಿ ಎಷ್ಟು?

ಪ್ರಶ್ನೆ ಸಣ್ಣದು, ಲೆಕ್ಕಕ್ಕೆ ಕೂತವರಿಗೆ ಮಾತ್ರ ಬೆವರಿಳಿಯುತ್ತದೆ. ಒಂದು ಕಣ ಎಲ್ಲಿದೆ ಎಂದು ಹೇಳಲು ಉದ್ದ, ಅಗಲ, ಎತ್ತರವೆಂಬ ಮೂರು ಸಂಖ್ಯೆ ಬೇಕು. ಎರಡು ಕಣಗಳಿಗೆ ಆರು. ಈ ಆರೂ ಸೊನ್ನೆಯಿಂದ ಒಂದರವರೆಗೆ ಪಡೆಯಬಹುದಾದ ಬೆಲೆಗಳಿಗೆಲ್ಲ ಅಂತರವನ್ನು ಕೂಡಿಸುತ್ತ ಹೋಗಬೇಕು. ಅಂದರೆ ಒಂದರೊಳಗೊಂದು ಆರು ಅನುಕಲನಗಳು. ಇದರ ನಿಖರ ಉತ್ತರ 1978ರಲ್ಲಿ ಪ್ರಕಟವಾಯಿತು. ವರ್ಗಮೂಲ, ಲಾಗರಿದಮ್, ಪೈ ಎಲ್ಲ ಸೇರಿದ ಆ ಉದ್ದನೆಯ ಸೂತ್ರದ ಬೆಲೆ ಸುಮಾರು 0.6617 ಮೀಟರ್, ಅಂದರೆ 66.17 ಸೆಂಟಿಮೀಟರ್.

ಸೂತ್ರ ಗೊತ್ತಿಲ್ಲದವರಿಗೂ ಒಂದು ದಾರಿಯಿದೆ. ಚೀಟಿ ಎತ್ತಿದ ಹಾಗೆ, ಸೊನ್ನೆ ಮತ್ತು ಒಂದರ ನಡುವೆ ಆರು ಸಂಖ್ಯೆಗಳನ್ನು ಕಂಪ್ಯೂಟರಿನಿಂದ ಯಾದೃಚ್ಛಿಕವಾಗಿ ಆರಿಸಿ, ಎರಡು ಕಣಗಳನ್ನು ಇಟ್ಟು, ಅಂತರ ಅಳೆಯುವುದು. ಇದನ್ನೇ ಮತ್ತೆ ಮತ್ತೆ ಮಾಡಿ ಸರಾಸರಿ ತೆಗೆಯುವುದು. ಇದಕ್ಕೆ ಮಾಂಟೆ ಕಾರ್ಲೊ ವಿಧಾನವೆಂದು ಹೆಸರು. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಗಣಿತಜ್ಞ ಸ್ಟಾನಿಸ್ಲಾವ್ ಉಲಾಂ ಒಬ್ಬರೇ ಇಸ್ಪೀಟ್ ಆಡುತ್ತ, ಆಟ ಗೆಲ್ಲುವ ಸಾಧ್ಯತೆಯನ್ನು ಲೆಕ್ಕ ಹಾಕುವುದಕ್ಕಿಂತ ನೂರು ಸಲ ಆಡಿ ಎಣಿಸುವುದೇ ಸಲೀಸಲ್ಲವೇ ಎಂದು ಯೋಚಿಸಿದರು. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಜಾನ್ ವಾನ್ ನಾಯ್ಮನ್ ಜೊತೆ ಸೇರಿ ಆ ಯೋಚನೆಯನ್ನು ನ್ಯೂಟ್ರಾನುಗಳ ಚಲನೆಯ ಲೆಕ್ಕಕ್ಕೆ ಹಚ್ಚಿದರು.

ಹೀಗೆ ಸಿಕ್ಕ ಸರಾಸರಿಯನ್ನು ಎಷ್ಟರಮಟ್ಟಿಗೆ ನಂಬಬಹುದು? ಒಂದೊಂದು ಅಳತೆಯೂ ನಿಜವಾದ ಸರಾಸರಿಯಿಂದ ಆಚೀಚೆ ಸರಿದಿರುತ್ತದೆ. ಈ ಚೆದುರುವಿಕೆಯ ಅಳತೆಯೇ ಮಾನಕ ವಿಚಲನೆ. ನಮ್ಮ ಪೆಟ್ಟಿಗೆಯಲ್ಲಿ ಅದು ಸುಮಾರು 25 ಸೆಂಟಿಮೀಟರ್. ಅಳತೆಗಳನ್ನು ಕೂಡಿದಾಗ ಹೆಚ್ಚಾದದ್ದು ಕಡಿಮೆಯಾದದ್ದನ್ನು ಒಂದಿಷ್ಟು ಅಳಿಸಿಹಾಕುತ್ತದೆ, ಪೂರ್ತಿಯಲ್ಲ. ಒಂದಕ್ಕೊಂದು ಸಂಬಂಧವಿಲ್ಲದ 100 ಅಳತೆಗಳ ಮೊತ್ತದಲ್ಲಿ ತಪ್ಪು 100 ಪಟ್ಟು ಬೆಳೆಯದೆ, 100ರ ವರ್ಗಮೂಲವಾದ 10 ಪಟ್ಟು ಮಾತ್ರ ಬೆಳೆಯುತ್ತದೆ. ಸರಾಸರಿಗಾಗಿ ಮೊತ್ತವನ್ನು 100ರಿಂದ ಭಾಗಿಸುತ್ತೇವೆ. ಹಾಗಾಗಿ ಉಳಿಯುವ ತಪ್ಪು 25ರಲ್ಲಿ ಹತ್ತನೇ ಒಂದು ಪಾಲು, ಎರಡೂವರೆ ಸೆಂಟಿಮೀಟರ್.

10,000 ಸಲ ಅಳೆದರೆ ಅದು ಎರಡೂವರೆ ಮಿಲಿಮೀಟರಿಗೆ ಇಳಿಯುತ್ತದೆ. 10 ಲಕ್ಷ ಸಲ ಅಳೆದರೆ ಕಾಲು ಮಿಲಿಮೀಟರ್. ಉತ್ತರದಲ್ಲಿ ಇನ್ನೊಂದೇ ಒಂದು ದಶಮಾಂಶ ಸ್ಥಾನ ಸರಿಯಾಗಬೇಕೆಂದರೆ ನೂರು ಪಟ್ಟು ದುಡಿಯಬೇಕು! ನಿಜಕ್ಕೂ ನಿಧಾನದ ವಿಧಾನವಿದು.

ಆದರೂ ಇದನ್ನು ಬಿಡದಿರಲು ಕಾರಣವಿದೆ. ಕ್ರಮಬದ್ಧವಾಗಿ ಲೆಕ್ಕ ಮಾಡುವವರು ಪ್ರತಿ ಸಂಖ್ಯೆಗೂ ಸಮದೂರದ 10 ಬೆಲೆಗಳನ್ನು ಇಟ್ಟುಕೊಂಡರೆ ಆರು ಸಂಖ್ಯೆಗಳಿಗೆ 10 ಲಕ್ಷ ಜೋಡಣೆಗಳಾಗುತ್ತವೆ. ಅದು ಕಂಪ್ಯೂಟರಿಗೆ ಭಾರವಲ್ಲ. ಸಂಖ್ಯೆಗಳು 20 ಆದರೆ? ಒಂದರ ಮುಂದೆ 20 ಸೊನ್ನೆಗಳಷ್ಟು ಜೋಡಣೆಗಳು. ಸೆಕೆಂಡಿಗೆ 100 ಕೋಟಿ ಜೋಡಣೆ ಮುಗಿಸುವ ಯಂತ್ರಕ್ಕೂ 3,000 ವರ್ಷಕ್ಕಿಂತ ಹೆಚ್ಚು ಬೇಕು. ಚೀಟಿ ಎತ್ತುವವರಿಗೆ ಆ ಕಷ್ಟವಿಲ್ಲ. ಅವರ ತಪ್ಪಿನ ಲೆಕ್ಕದಲ್ಲಿ ಬರುವುದು ಎರಡೇ: ಅಳತೆಗಳ ಚೆದುರುವಿಕೆ ಮತ್ತು ಅವುಗಳ ಎಣಿಕೆ. ಸಂಖ್ಯೆಗಳು ಆರಾದರೂ ಅರವತ್ತಾದರೂ ವರ್ಗಮೂಲದ ನಿಯಮ ಬದಲಾಗುವುದಿಲ್ಲ.

ಇನ್ನೊಂದು ಅನುಕೂಲ, ನಿಖರ ಉತ್ತರ ತಿಳಿಯದಿದ್ದರೂ ತಪ್ಪಿನ ಅಂದಾಜು ಸಿಗುತ್ತದೆ. ಎತ್ತಿದ ಮಾದರಿಗಳಿಂದಲೇ ಮಾನಕ ವಿಚಲನೆ ಕಂಡುಹಿಡಿದು, ಮಾದರಿಗಳ ಎಣಿಕೆಯ ವರ್ಗಮೂಲದಿಂದ ಭಾಗಿಸಿದರಾಯಿತು. ಮಾದರಿಗಳು ಸಾಕಷ್ಟಿದ್ದಾಗ, ನೂರರಲ್ಲಿ ಸುಮಾರು 95 ಸಲ ನಿಜವಾದ ಉತ್ತರ ಈ ಅಂದಾಜಿನ ಎರಡರಷ್ಟರೊಳಗೇ ಇರುತ್ತದೆ.

ನಿಯಮ ಕೈಕೊಡುವ ಕಡೆಗಳೂ ಇವೆ. ಕೆಲವು ಲೆಕ್ಕಗಳಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಬೆಲೆ ಮಿತಿಯಿಲ್ಲದೆ ಏರುತ್ತದೆ. ಸರಾಸರಿ ಇದ್ದರೂ ಚೆದುರುವಿಕೆ ಅನಂತವಾಗಿರಬಹುದು. ಆಗ ಲಕ್ಷಗಟ್ಟಲೆ ಮಾದರಿಗಳು ಶಾಂತವಾಗಿ ಸಾಗಿ, ಯಾವುದೋ ಒಂದು ಬಂದು ಸರಾಸರಿಯನ್ನು ಎತ್ತಿ ಒಗೆಯುತ್ತದೆ. ಮಾದರಿ ನಾಲ್ಕು ಪಟ್ಟಾದಾಗ ತಪ್ಪು ಅರ್ಧಕ್ಕೆ ಇಳಿಯುತ್ತಿದೆಯೇ ಎಂದು ನೋಡುತ್ತಿದ್ದವರಿಗೆ ಈ ರೋಗ ಪತ್ತೆಯಾಗುತ್ತದೆ.

ಯಾದೃಚ್ಛಿಕ ಸಂಖ್ಯೆಗಳೇ ಕೆಟ್ಟಿದ್ದರೆ ಪತ್ತೆ ಇನ್ನೂ ಕಷ್ಟ. 1960ರ ದಶಕದಲ್ಲಿ ಐಬಿಎಂ ಕಂಪ್ಯೂಟರುಗಳಲ್ಲಿ ಬಳಕೆಯಲ್ಲಿದ್ದ ರ‍್ಯಾಂಡು ಎಂಬ ಸಂಖ್ಯಾ ಉತ್ಪಾದಕ ಒಂದೊಂದಾಗಿ ನೋಡಿದರೆ ಸರಿಯಾಗಿಯೇ ಕಾಣುತ್ತಿತ್ತು. ಸತತ ಮೂರು ಸಂಖ್ಯೆಗಳನ್ನು ಒಂದು ಬಿಂದುವಿನ ಉದ್ದ, ಅಗಲ, ಎತ್ತರವೆಂದು ಇಟ್ಟು ನೋಡಿದಾಗ ಬಿಂದುಗಳೆಲ್ಲ ಪೆಟ್ಟಿಗೆಯೊಳಗಿನ ಕೇವಲ 15 ಸಮಾಂತರ ಸಮತಲಗಳ ಮೇಲೆ ಕೂತಿದ್ದವು. ನಡುವಿನ ಜಾಗಕ್ಕೆ ಒಂದು ಬಿಂದುವೂ ಬೀಳುತ್ತಿರಲಿಲ್ಲ. ಇಂಥ ಮೂಲದಿಂದ ಬರುವ ತಪ್ಪು ಮಾದರಿ ಎಷ್ಟು ಹೆಚ್ಚಿಸಿದರೂ ಕರಗುವುದಿಲ್ಲ. ಆದ್ದರಿಂದ ಗಂಭೀರ ಲೆಕ್ಕಗಳನ್ನು ಬೇರೆ ಬಗೆಯ ಇನ್ನೊಂದು ಉತ್ಪಾದಕದಿಂದ ಮತ್ತೊಮ್ಮೆ ಓಡಿಸಿ, ಎರಡು ಉತ್ತರಗಳೂ ತಪ್ಪಿನ ಅಂದಾಜಿನೊಳಗೆ ಹೊಂದುತ್ತವೆಯೇ ಎಂದು ನೋಡಲೇಬೇಕು.