ಗಾಜಿನ ಲೋಟ ಎಷ್ಟು ಚಹಾಕ್ಕೆ ಗೆಲ್ಲುತ್ತದೆ?

ಕೋಲ್ಕತ್ತದ ಬೀದಿಬದಿಯಲ್ಲಿ ಚಹಾ ಮಣ್ಣಿನ ಭಾಂಡ್‌ನಲ್ಲೂ ಸಿಗುತ್ತದೆ, ಪೇಪರ್ ಕಪ್ಪಿನಲ್ಲೂ ಗಾಜಿನ ಲೋಟದಲ್ಲೂ ಸಿಗುತ್ತದೆ. ಭೂಮಿಗೆ ಯಾವುದರ ಹೊರೆ ಕಡಿಮೆ ಎಂದು ತಿಳಿಯಲು ವಿಜ್ಞಾನಿಗಳು ಕಚ್ಚಾವಸ್ತುವಿನಿಂದ ಕಸದ ಗುಂಡಿಯವರೆಗಿನ ಖರ್ಚನ್ನೆಲ್ಲ ಕೂಡಿಸುತ್ತಾರೆ. ಇದೇ ಜೀವನಚಕ್ರ ವಿಶ್ಲೇಷಣೆ.

ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಹಾಕಿಂಗ್ 1994ರಲ್ಲಿ ಕಪ್ಪುಗಳ ಶಕ್ತಿಯ ಲೆಕ್ಕ ಪ್ರಕಟಿಸಿದರು. ಗಾಜಿನ ಕಪ್ಪೊಂದನ್ನು ಮಾಡಲು ಸುಮಾರು 5.5 ಮೆಗಾಜೂಲ್, ಪೇಪರ್ ಕಪ್ಪಿಗೆ 0.55, ಥರ್ಮೊಕೋಲ್ ಕಪ್ಪಿಗೆ 0.198. ಗಾಜಿನ ಕಪ್ಪನ್ನು ಯಂತ್ರದಲ್ಲಿ ಬಿಸಿನೀರಿನಿಂದ ಒಮ್ಮೆ ತೊಳೆಯಲು 0.184. ಅಂದರೆ ಪೇಪರ್ ಕಪ್ಪನ್ನು ಬಿಟ್ಟು ಗಾಜು ಹಿಡಿದರೆ ಪ್ರತಿ ಸಲ ಉಳಿಯುವುದು ಸುಮಾರು 0.37. ಗಾಜು ಮಾಡಿದ ಸಾಲ ತೀರಲು 15 ಸಲ ಕುಡಿಯಬೇಕು. ಥರ್ಮೊಕೋಲಿನ ಎದುರು ಉಳಿತಾಯ ಕೂದಲೆಳೆಯಷ್ಟೇ, ಹಾಗಾಗಿ ಅಲ್ಲಿ 393 ಸಲ ಬೇಕು! ತೊಳೆಯುವ ಯಂತ್ರ ಹತ್ತರಲ್ಲೊಂದು ಪಾಲು ಹೆಚ್ಚು ವಿದ್ಯುತ್ ತಿಂದರೆ ಸಾಲ ಎಂದಿಗೂ ತೀರುವುದಿಲ್ಲ.

ಈ ಅಂಕಿಯನ್ನು ಹಾಗೇ ಎತ್ತಿ ಕೋಲ್ಕತ್ತಕ್ಕೆ ಹಚ್ಚಿದರೆ ಎಡವುತ್ತೇವೆ. ಇಲ್ಲಿನ ಚಹಾದಂಗಡಿಯವನು ಲೋಟವನ್ನು ಬಕೆಟ್ಟಿನ ತಣ್ಣೀರಿನಲ್ಲಿ ಅದ್ದಿ ತೆಗೆಯುತ್ತಾನೆ (ಎಷ್ಟು ಶುಚಿ ಎಂಬುದು ಬೇರೆ ಮಾತು). ತೊಳೆಯುವ ಶಕ್ತಿ ಸೊನ್ನೆಯೆಂದೇ ಇಟ್ಟುಕೊಳ್ಳಿ. ಪೇಪರಿನ ಎದುರು 10, ಥರ್ಮೊಕೋಲಿನ ಎದುರು ಸುಮಾರು 28 ಸಲ ಸಾಕು. ಲೋಟ ಅದೇ, ಬದಲಾದದ್ದು ನೀರಿನ ಬಿಸಿ ಮಾತ್ರ. ಹಾಗಾಗಿ ಇಂಥ ವರದಿ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ತೊಳೆದ ಬಗೆಯನ್ನು. ಆಮೇಲೆ ಕಸ ಎಲ್ಲಿಗೆ ಹೋಯಿತೆಂಬುದನ್ನು. ಯುರೋಪಿನ ಲೆಕ್ಕದಲ್ಲಿ ಬಳಸಿದ ಕಪ್ಪನ್ನು ಸುಟ್ಟು ವಿದ್ಯುತ್ ತೆಗೆದರೆ ಕಪ್ಪಿನ ಖಾತೆಗೆ ಅಷ್ಟು ಜಮೆಯಾಗುತ್ತದೆ. ಕೋಲ್ಕತ್ತದ ಧಾಪಾದ ಕಸದ ಬೆಟ್ಟ ಸೇರಿದ ಕಪ್ಪಿಗೆ ಆ ಜಮೆ ಇಲ್ಲ.

ಸ್ಟೀಲ್ ಬಾಟಲಿಯ ಲೆಕ್ಕವೂ ಇದೇ ದಾರಿ. ಒಂದು ಲೀಟರಿನ ಸ್ಟೀಲ್ ಬಾಟಲಿ 300 ಗ್ರಾಂ, ಅಂಗಡಿಯ ಪ್ಲಾಸ್ಟಿಕ್ ಬಾಟಲಿ 25 ಗ್ರಾಂ ಎಂದು ಹಿಡಿಯೋಣ. ತೂಕದಲ್ಲೇ ಹನ್ನೆರಡು ಪಟ್ಟು. ಕಿಲೋ ಸ್ಟೀಲಿನ ಇಂಗಾಲದ ಹೊರೆ ಪ್ಲಾಸ್ಟಿಕ್ಕಿನ ಎರಡರಷ್ಟೆಂದು ಒರಟಾಗಿ ಇಟ್ಟರೆ, ಸ್ಟೀಲ್ ಬಾಟಲಿ ಎರಡು ಡಜನ್ ಪ್ಲಾಸ್ಟಿಕ್ ಬಾಟಲಿಗಳಿಗೆ ಸಮ. ದಿನಕ್ಕೊಂದು ಬಾಟಲಿ ನೀರು ಕೊಳ್ಳುತ್ತಿದ್ದವರಿಗೆ ತಿಂಗಳೊಳಗೆ ಸಾಲ ತೀರುತ್ತದೆ. ಆದರೆ ನಮ್ಮ ಮನೆಗಳಲ್ಲಿ ಪ್ಲಾಸ್ಟಿಕ್ ಬಾಟಲಿಯನ್ನೂ ಹತ್ತು ಸಲ ತುಂಬಿಸಿಕೊಳ್ಳುತ್ತೇವಲ್ಲ, ಆಗ 24 ಎಂಬುದು 240 ಆಗುತ್ತದೆ. ಕಪಾಟಿನಲ್ಲಿ ಕೂತ ಮೂರನೆಯ ಉಡುಗೊರೆ ಬಾಟಲಿಗಂತೂ ತೀರುವ ದಿನವೇ ಇಲ್ಲ.

ಲೆಕ್ಕದಲ್ಲಿ ಅಂಕಣವೇ ಇಲ್ಲದ ಸಂಗತಿಯೂ ಉಂಟು. ಪೇಪರ್ ಕಪ್ಪಿನ ಒಳಮೈಗೆ ಪ್ಲಾಸ್ಟಿಕ್ಕಿನ ತೆಳು ಪದರವಿರುತ್ತದೆ. ಬಿಸಿ ನೀರನ್ನು ಅದರಲ್ಲಿ ಹದಿನೈದು ನಿಮಿಷ ಇಟ್ಟರೆ 100 ಮಿಲಿಲೀಟರಿಗೆ ಸುಮಾರು 25,000 ಸೂಕ್ಷ್ಮ ಕಣಗಳು ಬಿಡುಗಡೆಯಾಗುತ್ತವೆಂದು ಖರಗಪುರ ಐಐಟಿಯ ಸಂಶೋಧಕರು 2020ರಲ್ಲಿ ಕಂಡರು. ಮೆಗಾಜೂಲಿನ ಪಟ್ಟಿಯಲ್ಲಿ ಆ ಕಣಗಳನ್ನು ಬರೆಯಲು ಜಾಗವಿಲ್ಲ.