ಬಿಲ್ಲೆಯಾಟದ ಗಂಟು, ವ್ಯಾಕರಣದ ಕಗ್ಗಂಟು

ಮೂರು ಬಗೆಯ ಡಾಮಿನೋ ಬಿಲ್ಲೆಗಳಿವೆ ಎಂದುಕೊಳ್ಳಿ. ಪ್ರತಿಯೊಂದರ ಮೇಲೂ ಕೆಳಗೂ ಕೆಲವು ಅಕ್ಷರಗಳಿವೆ. ಮೊದಲನೆಯದರಲ್ಲಿ ಮೇಲೆ ‘ಕ’, ಕೆಳಗೆ ‘ಮಕಕ’. ಎರಡನೆಯದರಲ್ಲಿ ಮೇಲೆ ‘ಕಮ’, ಕೆಳಗೆ ‘ಕಕ’. ಮೂರನೆಯದರಲ್ಲಿ ಮೇಲೆ ‘ಮಮಕ’, ಕೆಳಗೆ ‘ಮಮ’. ಯಾವ ಬಗೆಯ ಬಿಲ್ಲೆಯನ್ನು ಎಷ್ಟು ಸಲ ಬೇಕಾದರೂ ಬಳಸಬಹುದು, ತಲೆಕೆಳಗು ಮಾಡುವಂತಿಲ್ಲ. ಸಾಲಾಗಿ ಜೋಡಿಸಿದಾಗ ಮೇಲಿನ ಅಕ್ಷರಮಾಲೆಯೂ ಕೆಳಗಿನದೂ ಒಂದೇ ಆಗಬೇಕು.

ಮೊದಲ ಎರಡು ಬಿಲ್ಲೆಗಳಿಂದ ಆಟ ಶುರುಮಾಡಲು ಆಗುವುದಿಲ್ಲ, ಆರಂಭದಲ್ಲೇ ಅಕ್ಷರ ತಪ್ಪುತ್ತದೆ. ಹಾಗಾಗಿ ಮೂರನೆಯದನ್ನೇ ಇಡಬೇಕು. ಆಗ ಮೇಲೆ ಒಂದು ‘ಕ’ ಹೆಚ್ಚಾಗಿ ಉಳಿಯುತ್ತದೆ. ಕೆಳಗೆ ‘ಕ’ದಿಂದ ಶುರುವಾಗುವ ಬಿಲ್ಲೆ ಎರಡನೆಯದು ಮಾತ್ರ. ಅದನ್ನಿಟ್ಟರೆ ಮೇಲೆ ‘ಮ’ ಉಳಿಯುತ್ತದೆ. ಮತ್ತೆ ಮೂರನೆಯದನ್ನಿಟ್ಟರೆ ‘ಮಕ’ ಉಳಿಯುತ್ತದೆ. ಈಗ ಮೊದಲನೆಯದನ್ನು ಇಡಿ: ಎರಡೂ ಕಡೆ ‘ಮಮಕಕಮಮಮಕಕ’. 3, 2, 3, 1 ಎಂಬ ಕ್ರಮವೇ ಉತ್ತರ.

ಇದು ಸುಲಭವಾಗಿ ಬಿಡಿಸಿಕೊಂಡಿತು. ಇನ್ನೊಂದು ಗುಂಪು ನೋಡಿ: 100ರ ಕೆಳಗೆ 1, 0ಯ ಕೆಳಗೆ 100, 1ರ ಕೆಳಗೆ 00. ಇಲ್ಲೂ ಬಿಲ್ಲೆಗಳು ಮೂರೇ, ಆದರೆ ಅತಿ ಚಿಕ್ಕ ಉತ್ತರಕ್ಕೇ 75 ಬಿಲ್ಲೆ ಬೇಕು. ಎಪ್ಪತ್ತನೆಯದರ ತನಕ ಜೋಡಿಸಿ ಬೇಸತ್ತು ‘ಉತ್ತರವಿಲ್ಲ’ ಎಂದು ಎದ್ದು ಹೋದವರು ತಪ್ಪುತ್ತಾರೆ. ಉತ್ತರವಿದ್ದರೆ ಎಲ್ಲ ಜೋಡಣೆಗಳನ್ನೂ ಒಂದೊಂದಾಗಿ ಪರೀಕ್ಷಿಸುತ್ತ ಹೋದಾಗ ಎಂದಾದರೊಂದು ದಿನ ಸಿಗುತ್ತದೆ. ಇಲ್ಲದಿದ್ದರೆ? ಹುಡುಕಾಟವನ್ನು ಯಾವಾಗ ನಿಲ್ಲಿಸಬೇಕೆಂದು ಹೇಳುವವರು ಯಾರು?

ಯಾವ ಬಿಲ್ಲೆಗಳನ್ನು ಕೊಟ್ಟರೂ ಉತ್ತರ ಉಂಟೋ ಇಲ್ಲವೋ ಎಂದು ತಪ್ಪದೆ ಹೇಳುವ ಒಂದೇ ವಿಧಾನ ಇರಲು ಸಾಧ್ಯವಿಲ್ಲವೆಂದು ನ್ಯೂಯಾರ್ಕಿನ ಗಣಿತಜ್ಞ ಎಮಿಲ್ ಪೋಸ್ಟ್ 1946ರಲ್ಲಿ ತೋರಿಸಿದರು. ಇಂದಿನ ಪಠ್ಯಪುಸ್ತಕಗಳಲ್ಲಿ ಇದರ ಸಾಧನೆ ಹೀಗೆ ಸಾಗುತ್ತದೆ: ಒಂದು ಕಂಪ್ಯೂಟರ್ ಪ್ರೋಗ್ರಾಂನ ಒಂದೊಂದು ಹೆಜ್ಜೆಯನ್ನೂ ಅಕ್ಷರಗಳಲ್ಲಿ ಬರೆಯುವಂತೆ ಬಿಲ್ಲೆಗಳನ್ನು ರೂಪಿಸುತ್ತಾರೆ. ಕೆಳಸಾಲು ಯಾವಾಗಲೂ ಒಂದು ಹೆಜ್ಜೆ ಮುಂದಿರುತ್ತದೆ, ಮೇಲ್ಸಾಲು ಅದನ್ನು ಹಿಂಬಾಲಿಸುತ್ತದೆ. ಪ್ರೋಗ್ರಾಂ ನಿಂತರೆ ಮಾತ್ರ, ಮೇಲ್ಸಾಲು ಕೆಳಸಾಲನ್ನು ಕೂಡಿಕೊಳ್ಳಲು ಬೇಕಾದ ಬಿಲ್ಲೆಗಳು ಉಪಯೋಗಕ್ಕೆ ಬರುತ್ತವೆ. ಬಿಲ್ಲೆಯಾಟವನ್ನು ತೀರ್ಮಾನಿಸಬಲ್ಲವನು ಯಾವುದೇ ಪ್ರೋಗ್ರಾಂ ನಿಲ್ಲುತ್ತದೆಯೇ ಎಂಬುದನ್ನೂ ತೀರ್ಮಾನಿಸಬಲ್ಲ. ಅದು ಅಸಾಧ್ಯವೆಂದು ಅಲನ್ ಟ್ಯೂರಿಂಗ್ ಅವರ 1936ರ ಕೆಲಸದಿಂದ ಆಗಲೇ ಗೊತ್ತಾಗಿತ್ತು.

ಇದರಲ್ಲಿ ನನಗೆ ತುಂಬ ಇಷ್ಟವಾಗುವುದು ಮುಂದಿನ ನಡೆ. ಬಿಲ್ಲೆಗಳಲ್ಲಿ ಯಂತ್ರದ ಸುಳಿವೇ ಇಲ್ಲ, ಇರುವುದು ಅಕ್ಷರಗಳಷ್ಟೇ. ಹಾಗಾಗಿ ಅಕ್ಷರಗಳದೇ ವಿಷಯವಾದ ವ್ಯಾಕರಣಕ್ಕೆ ಅವು ಸಲೀಸಾಗಿ ಹೊಂದಿಕೊಳ್ಳುತ್ತವೆ. ಪ್ರೋಗ್ರಾಮಿಂಗ್ ಭಾಷೆ ರೂಪಿಸುವವರಿಗೆ ಒಂದು ಆತಂಕ ಇದ್ದೇ ಇರುತ್ತದೆ: ನಾವು ಬರೆದ ವ್ಯಾಕರಣದಲ್ಲಿ ಒಂದೇ ವಾಕ್ಯವನ್ನು ಎರಡು ರೀತಿ ಬಿಡಿಸಲು ಆಗುತ್ತದೆಯೇ? ಹಾಗಾದರೆ ಆ ವ್ಯಾಕರಣ ಸಂದಿಗ್ಧ. ನಮ್ಮ ಮೂರು ಬಿಲ್ಲೆಗಳನ್ನೇ ವ್ಯಾಕರಣವಾಗಿಸೋಣ:

```
S → A | B
A → ಕ A 1 | ಕಮ A 2 | ಮಮಕ A 3 | ಕ 1 | ಕಮ 2 | ಮಮಕ 3
B → ಮಕಕ B 1 | ಕಕ B 2 | ಮಮ B 3 | ಮಕಕ 1 | ಕಕ 2 | ಮಮ 3
```

A ಎಂಬುದು ಬಿಲ್ಲೆಗಳ ಮೇಲ್ಭಾಗವನ್ನು ಬರೆಯುತ್ತದೆ, B ಕೆಳಭಾಗವನ್ನು. ಬಳಸಿದ ಬಿಲ್ಲೆಗಳ ಸಂಖ್ಯೆ ವಾಕ್ಯದ ಕೊನೆಯಲ್ಲಿ ಹಿಂದುಮುಂದಾಗಿ ದಾಖಲಾಗುತ್ತದೆ. ಈಗ 3, 2, 3, 1 ಬಳಸಿ ನೋಡಿ. A ಹಾದಿಯಲ್ಲಿ ಹೋದರೂ B ಹಾದಿಯಲ್ಲಿ ಹೋದರೂ ಸಿಗುವುದು ‘ಮಮಕಕಮಮಮಕಕ1323’ ಎಂಬ ಒಂದೇ ವಾಕ್ಯ. ವ್ಯಾಕರಣ ಸಂದಿಗ್ಧವಾಯಿತು.

ತಿರುಗುಮುರುಗಾಗಿಯೂ ಇದು ನಿಜ. ಕೊನೆಯ ಅಂಕಿಗಳು ಯಾವ ನಿಯಮವನ್ನು ಯಾವಾಗ ಬಳಸಿದೆವು ಎಂಬುದನ್ನು ಪೂರ್ತಿ ಬಿಟ್ಟುಕೊಡುವುದರಿಂದ, A ಒಂದರಲ್ಲೇ ಅಥವಾ B ಒಂದರಲ್ಲೇ ಎರಡು ಹಾದಿಗಳಿರಲು ಆಗದು. ಎರಡು ಹಾದಿ ಇದ್ದರೆ ಒಂದು A ಕಡೆಯದು, ಇನ್ನೊಂದು B ಕಡೆಯದು. ಅಂದರೆ ಅದೇ ಬಿಲ್ಲೆಗಳು, ಅದೇ ಕ್ರಮ, ಮೇಲೂ ಕೆಳಗೂ ಅದೇ ಅಕ್ಷರ. ಬಿಲ್ಲೆಯಾಟಕ್ಕೆ ಉತ್ತರವಿದ್ದಾಗ ಮಾತ್ರ ಈ ವ್ಯಾಕರಣ ಸಂದಿಗ್ಧ. ಎಲ್ಲ ವ್ಯಾಕರಣಗಳ ಸಂದಿಗ್ಧತೆಯನ್ನೂ ಪತ್ತೆಹಚ್ಚುವ ವಿಧಾನವೊಂದು ಇದ್ದಿದ್ದರೆ, ಪೋಸ್ಟ್ ಅಸಾಧ್ಯವೆಂದು ತೋರಿಸಿದ್ದೇ ಸಾಧ್ಯವಾಗಿಬಿಡುತ್ತಿತ್ತು. A ಬರೆಯುವ ವಾಕ್ಯಗಳಿಗೂ B ಬರೆಯುವ ವಾಕ್ಯಗಳಿಗೂ ಸಮಾನವಾದುದು ಒಂದಾದರೂ ಇದೆಯೇ ಎಂಬ ಪ್ರಶ್ನೆಯೂ ಇದೇ ಕಾರಣಕ್ಕೆ ಬಿದ್ದುಹೋಗುತ್ತದೆ.

ಹಾಗೆಂದು ಎಲ್ಲ ಬಿಲ್ಲೆಯಾಟಗಳೂ ಹೀಗಲ್ಲ. ಎರಡೇ ಬಗೆಯ ಬಿಲ್ಲೆಗಳಿದ್ದರೆ ತೀರ್ಮಾನಿಸುವ ವಿಧಾನ ಇದೆ, ಅದು 1982ರಲ್ಲಿ ಪ್ರಕಟವಾಯಿತು. ಐದು ಬಗೆಗಳಿದ್ದರೆ ಅಸಾಧ್ಯವೆಂದು 2015ರಲ್ಲಿ ಸಿದ್ಧವಾಯಿತು. ಮೂರು, ನಾಲ್ಕರ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.

ವ್ಯಾಕರಣ ಬರೆಯುವವರೂ ಕೈಚೆಲ್ಲಿ ಕೂತಿಲ್ಲ. ಬೈಸನ್‌ನಂಥ ಸಾಧನಗಳು ಇದಕ್ಕಿಂತ ಬಿಗಿಯಾದ, ಆದರೆ ಪರೀಕ್ಷಿಸಲು ಆಗುವ ಒಂದು ಷರತ್ತನ್ನು ನೋಡುತ್ತವೆ: ಮುಂದಿನ ಒಂದೇ ಪದ ನೋಡಿ ಯಾವ ನಿಯಮ ಅನ್ವಯಿಸಬೇಕೆಂದು ನಿರ್ಧರಿಸಲು ಆಗುತ್ತದೆಯೇ? ಎಲ್ಲೂ ಘರ್ಷಣೆ ಕಾಣದಿದ್ದರೆ ವ್ಯಾಕರಣ ಖಂಡಿತ ಸಂದಿಗ್ಧವಲ್ಲ. ಘರ್ಷಣೆ ಕಂಡರೆ ಅದು ಸಂದಿಗ್ಧವಿರಬಹುದು, ಇಲ್ಲದೆಯೂ ಇರಬಹುದು. ಅಲ್ಲಿಂದ ಮುಂದೆ ಆ ನಿಯಮಗಳನ್ನು ಮನುಷ್ಯರೇ ಕೂತು ಬಿಡಿಸಿ ನೋಡಬೇಕು.