ರಜಿಸ್ಟ್ರಿಯ ದಿನ

ಊರಿನ ಮನೆಯನ್ನು ಮಾರುವ ಪ್ರಸಂಗ ನಮ್ಮಂತಹ ಮುಂಬಯಿವಾಸಿಗಳಿಗೆ ಒಂದಲ್ಲ ಒಂದು ದಿನ ಬರುವುದುಂಟು. ನಮ್ಮ ಮನೆತನಕ್ಕೆ ಅದು 2023ರಲ್ಲಿ ಬಂದಿತು. ಧಾರವಾಡ ಜಿಲ್ಲೆಯ ಹಳ್ಳಿಯಲ್ಲಿದ್ದ ಅಜ್ಜನ ಮನೆಗೆ ಮೂವರು ಹಕ್ಕುದಾರರು: ನನ್ನ ತಂದೆ, ಕಾಕಾ ಮತ್ತು ಪುಣೆಯಲ್ಲಿರುವ ಅತ್ತಿ. ನಾನು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಕಾಗದಪತ್ರವೆಂದರೆ ನನಗೆ ತಿಳಿಯದ್ದೇನು ಎಂಬ ಸಣ್ಣ ಜಂಬವೂ ಇತ್ತು. ಆದುದರಿಂದ ಎಲ್ಲ ಏರ್ಪಾಡನ್ನೂ ನಾನೇ ವಹಿಸಿಕೊಂಡೆ. ತಪ್ಪಿದವನೂ ನಾನೇ.

ಎಪ್ಪತ್ತೆಂಟು ವರ್ಷದ ಅತ್ತಿ ಸೊಂಟದ ಎಲುಬು ಮುರಿದು ಹಾಸಿಗೆ ಹಿಡಿದಿದ್ದಳು. ಊರಿಗೆ ಬರುವ ಮಾತೇ ಇರಲಿಲ್ಲ. ಜೂನ್ 5ರಂದು ನಾನು ಪುಣೆಗೆ ಹೋಗಿ ಖರೀದಿ ಪತ್ರದ ಮೇಲೆ ಅವಳ ಸಹಿ ಮಾಡಿಸಿದೆ. ಕಾಕಾನ ಹೆಸರಿಗೆ ಒಂದು ಮುಖತ್ಯಾರ ಪತ್ರ ಬರೆಸಿ, ನೋಟರಿಯವರಿಂದ ಮುದ್ರೆ ಹಾಕಿಸಿಕೊಂಡೂ ಬಂದೆ. ಜೂನ್ 12ಕ್ಕೆ ಊರಿನಲ್ಲಿ ತಂದೆ, ಕಾಕಾ ಸಹಿ ಮಾಡಿದರು. ಅದೇ ದಿನ ಎಲ್ಲರೂ ಉಪನೋಂದಣಿ ಕಚೇರಿಗೆ ಹೋದೆವು. ಸ್ಥಿರಾಸ್ತಿಯ ದಸ್ತಾವೇಜನ್ನು ಆಸ್ತಿ ಇರುವ ಕಡೆಯ ಕಚೇರಿಯಲ್ಲೇ ನೋಂದಾಯಿಸಬೇಕು. ಮಾಲಕರು ಮುಂಬಯಿಯಲ್ಲಿದ್ದಾರೆಂದು ಅದು ಮುಂಬಯಿಗೆ ಬರುವುದಿಲ್ಲ.

ಮೊದಲನೆಯದು ಹಾಜರುಪಡಿಸುವಿಕೆ. ಪತ್ರವನ್ನು ಬರೆದುಕೊಟ್ಟವರಾಗಲಿ ಬರೆಸಿಕೊಂಡವರಾಗಲಿ ಅಧಿಕಾರಿಯ ಕೈಗೆ ಕೊಡಬಹುದು. ಯಾವ ದಿನ, ಯಾವ ಹೊತ್ತು, ಯಾವ ಸ್ಥಳದಲ್ಲಿ, ಯಾರು ಕೊಟ್ಟರು ಎಂಬ ಷರಾ ಪತ್ರದ ಮೇಲೆ ಬೀಳುತ್ತದೆ. ಕೊಟ್ಟವರು ಅದರ ಕೆಳಗೆ ಸಹಿ ಮಾಡಬೇಕು. ನಮ್ಮ ಪತ್ರವನ್ನು ಕೊಂಡುಕೊಳ್ಳುವ ಗೃಹಸ್ಥರೇ ಕೊಟ್ಟರು.

ಎರಡನೆಯದು ಒಪ್ಪಿಗೆ. ದಿನದ ಜೀವಾಳ ಇದೇ. ಅಧಿಕಾರಿಗಳು ತಂದೆಯವರನ್ನು ಎದುರಿಗೆ ಕರೆದು, "ಈ ಪತ್ರ ನೀವು ಬರೆದುಕೊಟ್ಟದ್ದು ಹೌದೇ? ಈ ಸಹಿ ನಿಮ್ಮದೇ? ಹಣ ಮುಟ್ಟಿತೇ?" ಎಂದು ಕೇಳಿದರು. ತಂದೆ "ಹೌದ್ರೀ" ಎಂದರು. ಆ ಒಂದು ಮಾತಿಗಾಗಿಯೇ ಇಷ್ಟು ದೂರ ಬಂದದ್ದು. ಸಹಿ ಮನೆಯಲ್ಲಿ ಆಗಿದ್ದರೂ ಅಡ್ಡಿಯಿಲ್ಲ. ಅದು ನನ್ನದೆಂದು ಅಧಿಕಾರಿಯ ಮುಂದೆ ಒಪ್ಪಬೇಕು. "ನಾನು ಬರೆದುಕೊಟ್ಟಿಲ್ಲ" ಎಂದು ಯಾರಾದರೂ ಹೇಳಿದರೆ ಅವರ ಮಟ್ಟಿಗೆ ನೋಂದಣಿಯನ್ನು ನಿರಾಕರಿಸಲೇಬೇಕೆಂದು 1908ರ ನೋಂದಣಿ ಕಾಯಿದೆಯ 35ನೆಯ ಕಲಮು ವಿಧಿಸುತ್ತದೆ. ಬರೆದುಕೊಟ್ಟವರು ಅಪ್ರಾಪ್ತ ವಯಸ್ಕರಾಗಿ ಕಂಡರೂ ಹಾಗೆಯೇ.

ಮೂರನೆಯದು ಗುರುತು. ಅಧಿಕಾರಿಗೆ ನಾವು ಯಾರೋ! ಗುರುತಿನ ಚೀಟಿಗಳನ್ನು ನೋಡಿದರು, ಕ್ಯಾಮೆರಾದಲ್ಲಿ ಭಾವಚಿತ್ರ ತೆಗೆದರು, ಹೆಬ್ಬೆಟ್ಟಿನ ಗುರುತು ಪಡೆದರು. ಕೊಡುವವರದು ಮಾತ್ರವಲ್ಲ, ಕೊಳ್ಳುವವರದೂ ಬೇಕು. ಅನಂತರ ಗುರುತಿಸುವ ಸಾಕ್ಷಿದಾರರನ್ನು ಕರೆದರು. ಇಲ್ಲಿ ಅನೇಕರು ಎರಡು ಬಗೆಯ ಸಾಕ್ಷಿಗಳನ್ನು ಒಂದೇ ಎಂದು ತಿಳಿಯುತ್ತಾರೆ. ಪತ್ರದ ಕೊನೆಗೆ ಸಹಿ ಮಾಡುವ ಸಾಕ್ಷಿ, ಸಹಿಯಾದುದಕ್ಕೆ ಸಾಕ್ಷಿ. ದಾನಪತ್ರಕ್ಕಾದರೆ ಅಂತಹ ಇಬ್ಬರು ಕಾಯಿದೆಯಿಂದಲೇ ಬೇಕು. ಕಚೇರಿಯಲ್ಲಿ ಗುರುತಿಸುವವನಾದರೋ ಮನುಷ್ಯನಿಗೆ ಸಾಕ್ಷಿ: "ಇವರೇ ಅವರು" ಎಂದು ಹೇಳುವವನು. ಇಬ್ಬರಿಗೂ ಆ ಮನುಷ್ಯನ ಪರಿಚಯವಿದ್ದರೆ ಎರಡು ಕೆಲಸವನ್ನೂ ಅವರೇ ಮಾಡಬಹುದು. ಕಚೇರಿಯ ಹೊರಗೆ ಸಿಕ್ಕ ಯಾರನ್ನೋ ಕರೆತಂದರೆ ನಾಳೆ ತಕರಾರು ಬಂದಾಗ ಅಂತಹ ಸಾಕ್ಷಿ ನಿಲ್ಲುವುದಿಲ್ಲ. ನಲವತ್ತು ವರ್ಷ ಮುಂಬಯಿಯಲ್ಲಿದ್ದ ತಂದೆಯವರನ್ನು ಗುರುತಿಸಲು ಅವರ ಕನ್ನಡ ಸಾಲೆಯ ಗೆಳೆಯರೊಬ್ಬರು ಬಂದಿದ್ದರು. "ಎಷ್ಟು ದಿನದ ಪರಿಚಯ?" ಎಂದು ಅಧಿಕಾರಿ ಕೇಳಿದುದಕ್ಕೆ, "ಒಂದ ಪಾಟಿ ಮ್ಯಾಲ ಇಬ್ರೂ ಬರದೇವ್ರಿ" ಎಂದರು. ಕಚೇರಿಯೆಲ್ಲ ನಕ್ಕಿತು.

ಕೊನೆಗೆ ಅತ್ತಿಯ ಸರದಿ. ಕಾಕಾ ಮುಖತ್ಯಾರ ಪತ್ರವನ್ನು ಮುಂದಿಟ್ಟರು. ಅಧಿಕಾರಿಗಳು ಅದನ್ನು ತಿರುವಿ ನೋಡಿ ಮರಳಿ ಕೊಟ್ಟರು. "ಅಕ್ಕನವರು ತಾವೇ ಸಹಿ ಮಾಡಿದ್ದಾರೆ. ಅವರ ಪರವಾಗಿ ನೀವು ಬಂದು ಒಪ್ಪಬೇಕಾದರೆ ನೋಟರಿಯ ಮುದ್ರೆ ಸಾಲದು. ಅವರು ವಾಸವಿರುವ ಊರಿನ ಉಪನೋಂದಣಾಧಿಕಾರಿಯೇ ಮುಖತ್ಯಾರ ಪತ್ರವನ್ನು ದೃಢೀಕರಿಸಿರಬೇಕು" ಎಂದರು. 33ನೆಯ ಕಲಮಿನಲ್ಲಿ ಹಾಗೆಯೇ ಇದೆ. ಆ ಕಲಮನ್ನು ನಾನು ಓದಿರಲಿಲ್ಲ.

ನನ್ನ ಮೋರೆ ಸಪ್ಪಗಾಯಿತು. ಆದರೆ ಕಾಯಿದೆಯಲ್ಲೇ ದಾರಿಯಿತ್ತು. ಬರೆದುಕೊಟ್ಟವರೆಲ್ಲ ಒಂದೇ ದಿನ ಬರಬೇಕೆಂದಿಲ್ಲ, ಬೇರೆ ಬೇರೆ ದಿನ ಬಂದು ಒಪ್ಪಬಹುದು. ತಂದೆ, ಕಾಕಾ ಇಬ್ಬರ ಒಪ್ಪಿಗೆಯನ್ನು ಅಂದೇ ಬರೆದುಕೊಂಡು ಪತ್ರವನ್ನು ಬಾಕಿ ಇಟ್ಟರು. ಸಹಿಯಾದ ದಿನದಿಂದ ನಾಲ್ಕು ತಿಂಗಳ ಗಡುವು. ಅತ್ತಿಯದು ಅಕ್ಟೋಬರ್ 5ರ ವರೆಗೆ. ತಪ್ಪಿಸಲಾಗದ ಕಾರಣದಿಂದ ಅದು ಮೀರಿದರೆ ಇನ್ನೂ ನಾಲ್ಕು ತಿಂಗಳು ಸಿಗಬಹುದು. ಆದರೆ ನೋಂದಣಿ ಶುಲ್ಕದ ಹತ್ತು ಪಟ್ಟಿನ ವರೆಗೆ ದಂಡ ಬೀಳಬಹುದು. ಕೊಳ್ಳುವವರು ಅತ್ತಿಯ ಪಾಲಿನ ಹಣವನ್ನು ತಮ್ಮಲ್ಲೇ ಇಟ್ಟುಕೊಂಡರು. ಅದು ನ್ಯಾಯವೇ. ಆದರೆ ಆ ಹಣ ಅತ್ತಿಯ ಔಷಧಕ್ಕೆ ಬೇಕಾಗಿತ್ತು.

ಪುಣೆಯಲ್ಲಿ ಹೊಸದಾಗಿ ಅರ್ಜಿ ಕೊಟ್ಟೆವು. ರೋಗಿಗಳು ಕಚೇರಿಗೆ ಬರಲೇಬೇಕೆಂಬ ಕಟ್ಟಳೆಯಿಲ್ಲ. ವೈದ್ಯರ ಪ್ರಮಾಣಪತ್ರ ಕೊಟ್ಟು, ಶುಲ್ಕ ತುಂಬಿದರೆ ಅಧಿಕಾರಿ ಮನೆಗೇ ಬರಬಹುದು. ಜುಲೈ ಕೊನೆಗೆ ಬಂದರು. ಬಂದವರೇ ನನ್ನನ್ನೂ ಅತ್ತಿಯ ಮಗನನ್ನೂ ಹೊರಗೆ ಕಳಿಸಿದರು. ಬಾಗಿಲ ಆಚೆಯಿಂದ ಮಾತು ಕೇಳುತ್ತಿತ್ತು. ಪತ್ರದಲ್ಲಿದ್ದುದನ್ನು ಮರಾಠಿಯಲ್ಲಿ ತಿಳಿಸಿ, ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು ಕೇಳಿದರು. ಅತ್ತಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾರ ಒತ್ತಾಯವೂ ಇಲ್ಲವೆಂದಳು.

ಅವರು ಹೋದ ಮೇಲೆ ನನ್ನನ್ನು ಕರೆದು, "ಇಷ್ಟ ದಿನಾ ನೀವೆಲ್ಲಾ 'ಇಲ್ಲಿ ಸಹಿ ಮಾಡು' ಅಂದ್ರಿ. ಮಾರಲ್ಯಾ ಬ್ಯಾಡಾ ಅಂತ ನನ್ನ ಕೇಳಿದಾಂವ ಅವ್ನ ಒಬ್ಬ ನೋಡಪಾ" ಎಂದಳು. ನಾನು ಉತ್ತರ ಕೊಡಲಿಲ್ಲ. ಅಧಿಕಾರಿ ಹೊರಗೆ ಕಳಿಸಿದಾಗ ಬಂದಿದ್ದ ಸಿಟ್ಟು ಎಲ್ಲಿಯೋ ಇಳಿದುಹೋಯಿತು.

ಆಗಸ್ಟ್ 21ರಂದು ಕಾಕಾ ಆ ದೃಢೀಕೃತ ಪತ್ರದೊಡನೆ ಹಾಜರಾಗಿ ಅತ್ತಿಯ ಪರವಾಗಿ ಒಪ್ಪಿದರು. ಆಗ ಕೊನೆಯ ಷರಾ ಬಿದ್ದಿತು. ಒಪ್ಪಿದವರ, ಗುರುತಿಸಿದವರ ಸಹಿಗಳು, ಹಣ ಮುಟ್ಟಿದ ಬಗ್ಗೆ ಹೇಳಿಕೆ, ಮುಖತ್ಯಾರನ ಹೆಸರು ಎಲ್ಲವೂ ಸೇರಿ, "ನೋಂದಾಯಿಸಲಾಗಿದೆ" ಎಂಬ ಪ್ರಮಾಣಪತ್ರದೊಡನೆ ಕ್ರಮಸಂಖ್ಯೆ ಬಂದಿತು. ಸ್ಥಿರಾಸ್ತಿಯ ಪತ್ರಗಳು 1ನೆಯ ಪುಸ್ತಕಕ್ಕೆ ಹೋಗುತ್ತವೆ. ಸಂಖ್ಯೆ ವರ್ಷ ವರ್ಷಕ್ಕೂ ಒಂದರಿಂದ ಆರಂಭವಾಗುತ್ತದೆ. ಆದುದರಿಂದ ಮುಂದೆ ನಕಲು ಬೇಕಾದರೆ ಸಂಖ್ಯೆಯ ಜತೆಗೆ ವರ್ಷವನ್ನೂ ಬರೆದಿಟ್ಟುಕೊಳ್ಳಬೇಕು.

ಇನ್ನೊಂದು ಮಾತು ಕೊಳ್ಳುವವರಿಗೆ. ಅಧಿಕಾರಿ ದಾಖಲಿಸಿದ್ದು, ಇಂತಹವರು ಇಂತಹ ಪತ್ರವನ್ನು ಬರೆದುಕೊಟ್ಟದ್ದಾಗಿ ಒಪ್ಪಿದರು ಎಂಬುದನ್ನು. ಮನೆ ನಿಜವಾಗಿ ಅವರದೇ, ಬೇರೆ ಪಾಲುದಾರರಿಲ್ಲವೇ ಎಂಬುದನ್ನು ಅವರು ತೀರ್ಮಾನಿಸಿರುವುದಿಲ್ಲ. ಅದನ್ನು ರಜಿಸ್ಟ್ರಿಯ ದಿನಕ್ಕಿಂತ ಮೊದಲೇ, ಹಳೆಯ ಪತ್ರಗಳನ್ನೂ ಉತಾರವನ್ನೂ ಋಣಭಾರ ಪತ್ರವನ್ನೂ ಮುಂದಿಟ್ಟುಕೊಂಡು ನಾವೇ ನೋಡಬೇಕು. ನಮ್ಮ ಮನೆಯನ್ನು ಕೊಂಡ ಗೃಹಸ್ಥರು ನೋಡಿದ್ದರು. ಅದಕ್ಕೇ, ಅತ್ತಿಯ ಒಪ್ಪಿಗೆ ಬರುವವರೆಗೆ ಎರಡು ತಿಂಗಳಿಗೂ ಹೆಚ್ಚು ಕಾಲ ತಾಳ್ಮೆಯಿಂದ ಕಾಯ್ದರು. ಅಂದೇ ಸಂಜೆ ಅವಳ ಪಾಲಿನ ಹಣ ಪುಣೆಗೆ ಹೋಯಿತು.